ಭಾರ ಎತ್ತಿದ ಮೇಲೆ ಶುಗರ್ ಏರಿತೆ?

ನಮ್ಮ ಜಿಮ್ಮಿಗೆ ಬರುವ ಗೆಳೆಯರೊಬ್ಬರು ಕಳೆದ ವಾರ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದರು. ಅವರಿಗೆ ಟೈಪ್ 2 ಸಕ್ಕರೆ ಕಾಯಿಲೆ. ನುಂಗುವುದು ಮೆಟ್‌ಫಾರ್ಮಿನ್ ಮಾತ್ರೆ ಒಂದೇ. ಹಿಂದಿನ ದಿನ ತಿಂಡಿ ತಿಂದು ಒಂದು ಗಂಟೆಯಾದ ಮೇಲೆ ಮುಕ್ಕಾಲು ಗಂಟೆ ಬಿರುಸಾಗಿ ನಡೆದಿದ್ದರು, ಶುಗರ್ 178ರಿಂದ 132ಕ್ಕೆ ಇಳಿದಿತ್ತು. ಅವತ್ತು ಬರಿ ಹೊಟ್ಟೆಯಲ್ಲಿ 126 ಇದ್ದದ್ದು, ಬಾರ್ಬೆಲ್ ಹೊತ್ತು ಐದು ಸೆಟ್ ಭಾರಿ ಸ್ಕ್ವಾಟ್ ಮುಗಿಸುವ ಹೊತ್ತಿಗೆ 161. "ಹಂಗಾದ್ರೆ ಇನ್ಮೇಲೆ ವಾಕಿಂಗ್ ಮಾತ್ರ ಸಾಕಾ ಸಾರ್?" ಅಂದರು.

ಸಾಲದು. ಎರಡೂ ಅಂಕಿ ಸರಿಯೇ, ಅವರು ಅವನ್ನು ಓದಿಕೊಂಡ ರೀತಿ ಸರಿಯಿಲ್ಲ.

ಬಿರುಸು ನಡಿಗೆಯಲ್ಲಿ ಕಾಲಿನ ಸ್ನಾಯುಗಳು ಬಿಡುವಿಲ್ಲದೆ ಕುಗ್ಗಿ ಹಿಗ್ಗುತ್ತವೆ. ಆ ಕುಗ್ಗುವಿಕೆಯೇ ಸ್ನಾಯುಕೋಶದ ಒಳಗಿರುವ ಗ್ಲೂಟ್-4 ಎಂಬ ಸಾಗಣೆ ಪ್ರೋಟೀನನ್ನು ಕೋಶದ ಹೊರಮೈಗೆ ತರುತ್ತದೆ. ಅದರ ಮೂಲಕ ರಕ್ತದ ಸಕ್ಕರೆ ಒಳಗೆ ಹೋಗುತ್ತದೆ. ಇದಕ್ಕೆ ಇನ್ಸುಲಿನ್ನಿನ ಅಪ್ಪಣೆ ಬೇಕಿಲ್ಲ. ಇನ್ಸುಲಿನ್ನಿಗೆ ಜಗ್ಗದ ಟೈಪ್ 2 ದೇಹದಲ್ಲೂ ನಡಿಗೆ ಕೆಲಸ ಮಾಡುವುದು ಇದರಿಂದಲೇ. ತಿಂಡಿಯ ಸಕ್ಕರೆ ರಕ್ತಕ್ಕೆ ಬರುತ್ತಿರುವಾಗಲೇ ನಡೆದರೆ ಇಳಿತ ಮೀಟರಿನಲ್ಲಿ ಎದ್ದು ಕಾಣುತ್ತದೆ.

ಭಾರಿ ಸ್ಕ್ವಾಟಿನಲ್ಲೂ ಸ್ನಾಯು ಸಕ್ಕರೆ ಹೀರುತ್ತದೆ. ಆದರೆ ಅಲ್ಲಿ ಮೈಗೆ ತುರ್ತು ಪರಿಸ್ಥಿತಿ. ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್ ಹಲವು ಪಟ್ಟು ಏರುತ್ತವೆ, ಅವುಗಳ ಒತ್ತಡಕ್ಕೆ ಲಿವರ್ ತಾನು ಕೂಡಿಟ್ಟ ಗ್ಲೈಕೋಜನ್ ಒಡೆದು ರಕ್ತಕ್ಕೆ ಸಕ್ಕರೆ ಬಿಡುತ್ತದೆ. ಏದುಸಿರು ಬರುವಷ್ಟು ತೀವ್ರ ವ್ಯಾಯಾಮದಲ್ಲಿ ಲಿವರ್ ಬಿಡುವ ಸಕ್ಕರೆ ವಿಶ್ರಾಂತಿಯ ಮಟ್ಟದ ಏಳೆಂಟು ಪಟ್ಟಾದರೆ, ಸ್ನಾಯು ಬಳಸುವುದು ಮೂರು ನಾಲ್ಕು ಪಟ್ಟು ಮಾತ್ರ. ಮದುವೆ ಪಂಕ್ತಿಯಲ್ಲಿ ಸಾಕು ಸಾಕು ಅಂದರೂ ಕೇಳದೆ ಬಡಿಸುವವರಂತೆ ಈ ಲಿವರ್. ಎಲೆಯಲ್ಲಿ ಮಿಕ್ಕದ್ದೇ ಮೀಟರಿನಲ್ಲಿ ಕಂಡ 161. ಅದೂ ಬೆಳಗಿನ ಬರಿ ಹೊಟ್ಟೆ. ಆ ಹೊತ್ತಿಗೆ ಲಿವರ್ ಮೊದಲೇ ಉದಾರವಾಗಿರುತ್ತದೆ. ಹಾಗಾಗಿ ಇವರ ಎರಡು ದಿನಗಳ ಹೋಲಿಕೆಯೇ ಅಷ್ಟು ನ್ಯಾಯದ್ದಲ್ಲ.

ನಾನು ಹೇಳಿದ್ದು ಇಷ್ಟೇ: ಏನೂ ತಿನ್ನಬೇಡಿ, ಬೆವರಿನ ಕೈ ಸೋಪು ಹಚ್ಚಿ ತೊಳೆದು ಒರೆಸಿಕೊಂಡು, ಒಂದು ಗಂಟೆ ಬಿಟ್ಟು ಮತ್ತೆ ಚುಚ್ಚಿ ನೋಡಿ. 139 ಬಂತು. ಎರಡು ಗಂಟೆಗೆ 121. ಕಸರತ್ತು ನಿಂತಾಗ ಅಡ್ರಿನಾಲಿನ್ ಬೇಗ ಕರಗುತ್ತದೆ, ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ, ಖಾಲಿಯಾದ ಸ್ನಾಯು ತನ್ನ ಗ್ಲೈಕೋಜನ್ ದಾಸ್ತಾನು ತುಂಬಿಸಿಕೊಳ್ಳಲು ಶುರುಮಾಡುತ್ತದೆ. ಆ ತುಂಬಿಸಿಕೊಳ್ಳುವ ಕೆಲಸ ಒಂದು ದಿನವೋ ಇನ್ನೂ ಹೆಚ್ಚೋ ನಡೆಯುತ್ತದೆ, ಅಷ್ಟೂ ಹೊತ್ತು ಇನ್ಸುಲಿನ್ನಿಗೆ ಸ್ನಾಯು ಚೆನ್ನಾಗಿ ಓಗೊಡುತ್ತದೆ. ಭಾರ ಎತ್ತಿದ್ದರ ಲಾಭ ಇರುವುದು ಇಲ್ಲಿ. ತೊಡೆ, ಬೆನ್ನು ತುಂಬಿಕೊಂಡಷ್ಟೂ ಸಕ್ಕರೆ ಇಡುವ ಜಾಗವೂ ಹೆಚ್ಚುತ್ತದೆ. ಜಿಮ್ಮಿನ ಬಾಗಿಲಲ್ಲೇ ಚುಚ್ಚಿಕೊಂಡರೆ ಇದ್ಯಾವುದೂ ಕಾಣದು.

ಇನ್ಸುಲಿನ್ ಚುಚ್ಚಿಕೊಳ್ಳುವ ಟೈಪ್ 1 ಮಂದಿಯ ಲೆಕ್ಕ ಬೇರೆ. ಅವರ ಗ್ರಂಥಿ ತಾನಾಗಿ ಇನ್ಸುಲಿನ್ ಬಿಟ್ಟು ಸರಿಪಡಿಸಲಾರದು, ಏರಿದ್ದು ಹೆಚ್ಚು ಹೊತ್ತು ಏರಿಯೇ ಇರಬಹುದು. ಅಲ್ಲೇ ಅಪಾಯದ ಆಸೆ ಹುಟ್ಟುವುದು: ಅಂಕಿ ಕಂಡ ಕೂಡಲೇ ಪೂರ್ತಿ ಡೋಸು ಚುಚ್ಚಿಕೊಳ್ಳುವುದು. ಕೆಲವು ಗಂಟೆಗಳ ಮೇಲೆ ಸ್ನಾಯು ಸಕ್ಕರೆ ಸೆಳೆಯುತ್ತಿರುವಾಗ ಆ ಇನ್ಸುಲಿನ್ನೂ ಕೂಡಿಕೊಂಡರೆ, ಸಂಜೆ ಜಿಮ್ಮಿಗೆ ಹೋದವರಿಗೆ ನಡುರಾತ್ರಿ ಶುಗರ್ ಕುಸಿಯುತ್ತದೆ. ವ್ಯಾಯಾಮದ ನಂತರದ ಡೋಸು ಎಷ್ಟು ತಗ್ಗಬೇಕೆಂದು ವೈದ್ಯರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳುವುದೇ ಸರಿ. ಶುರುಮಾಡುವ ಮುನ್ನವೇ 250 ದಾಟಿದ್ದರೆ ಕೀಟೋನ್ ಪರೀಕ್ಷೆ ಮೊದಲು. ಕೀಟೋನ್ ಹೆಚ್ಚಿದ್ದರೆ ಅಂದು ಬಾರ್ಬೆಲ್ ಮುಟ್ಟಬಾರದು. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವ ಟೈಪ್ 2 ಮಂದಿಗೂ ಕುಸಿತದ ಭಯ ಇದ್ದದ್ದೇ. ನಮ್ಮ ಗೆಳೆಯರಿಗೆ, ಬರೀ ಮೆಟ್‌ಫಾರ್ಮಿನ್ ಆದ್ದರಿಂದ, ಅದು ಕಡಿಮೆ.

ಈ ಏರಿಕೆಯನ್ನೇ ಕೆಲಸಕ್ಕೆ ಹಚ್ಚಿದವರೂ ಇದ್ದಾರೆ. 2012ರಲ್ಲಿ ಜೇನ್ ಯಾರ್ಡ್‌ಲಿ ಮತ್ತು ಸಂಗಡಿಗರು ಕೆನಡಾದಲ್ಲಿ ಟೈಪ್ 1 ಇರುವವರನ್ನು ಒಂದು ದಿನ ಮೊದಲು ಭಾರ, ಆಮೇಲೆ ಓಟ, ಇನ್ನೊಂದು ದಿನ ಮೊದಲು ಓಟ, ಆಮೇಲೆ ಭಾರ ಎಂದು ಮಾಡಿಸಿ ನೋಡಿದರು. ಭಾರ ಮೊದಲಾದ ದಿನ ಸಕ್ಕರೆ ಹೆಚ್ಚು ಸ್ಥಿರವಾಗಿತ್ತು. ಅದಕ್ಕೂ ಮುಂಚೆ, 2006ರಲ್ಲಿ, ಆಸ್ಟ್ರೇಲಿಯಾದ ಸಂಶೋಧಕರು ಹದವಾದ ಸೈಕಲ್ ಸವಾರಿಯ ಕೊನೆಗೆ ಹತ್ತೇ ಸೆಕೆಂಡು ಪ್ರಾಣಪಣವಾಗಿ ತುಳಿಸಿದರು. ಆ ಹತ್ತು ಸೆಕೆಂಡಿನಿಂದಾಗಿ ಮುಂದಿನ ಎರಡು ಗಂಟೆಗಳಲ್ಲಿ ಆಗಬೇಕಿದ್ದ ಕುಸಿತ ತಪ್ಪಿತ್ತು.