ಸೇರದೆ ಹೋದವರ ಲೆಕ್ಕ

1970ರ ದಶಕದ ಬ್ರಿಟನ್ನಿನಲ್ಲಿ ಓದುವ ಹುಡುಗನೋ ಹುಡುಗಿಯೋ ಮನೆ ಬಿಟ್ಟು ಸನ್ ಮ್ಯುಂಗ್ ಮೂನ್ ಅವರ ಯುನಿಫಿಕೇಶನ್ ಚರ್ಚ್ ಸೇರಿದರೆ ಹೆತ್ತವರೂ ಪತ್ರಿಕೆಗಳೂ ಹೇಳುತ್ತಿದ್ದುದು ಒಂದೇ ಮಾತು: ಬ್ರೈನ್‌ವಾಶ್ ಮಾಡಿದ್ದಾರೆ. 1954ರಲ್ಲಿ ಸೋಲ್‌ನಲ್ಲಿ ಹುಟ್ಟಿದ ಈ ಪಂಥದ ಅನುಯಾಯಿಗಳಿಗೆ ಜನ ‘ಮೂನಿ’ಗಳು ಎಂದು ಹೆಸರಿಟ್ಟಿದ್ದರು. ಆ ಮಾತಿಗೆ ಪರಿಣಾಮವೂ ಇತ್ತು. ಅಮೆರಿಕದಲ್ಲಿ ಕೆಲವು ತಂದೆತಾಯಿಗಳು ಹಣ ಕೊಟ್ಟು, ವಯಸ್ಸಿಗೆ ಬಂದ ತಮ್ಮ ಮಕ್ಕಳನ್ನು ಅಪಹರಿಸಿ ಕೂಡಿಹಾಕಿಸಿ, ನಂಬಿಕೆ ಬಿಡುವವರೆಗೂ ವಾದ ಮಾಡಿಸುತ್ತಿದ್ದರು. ಮಕ್ಕಳ ಬುದ್ಧಿ ಅವರ ಹಿಡಿತದಲ್ಲಿಲ್ಲ ಎಂದು ನಂಬಿದ ಮೇಲೆ ಈ ಬಲವಂತ ಅವರಿಗೆ ತಪ್ಪೆನಿಸುತ್ತಿರಲಿಲ್ಲ.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ ಈ ಮಾತನ್ನೇ ಪರೀಕ್ಷೆಗೆ ಒಡ್ಡಿದರು. 1984ರಲ್ಲಿ ಬಂದ ‘ದ ಮೇಕಿಂಗ್ ಆಫ್ ಎ ಮೂನಿ: ಚಾಯ್ಸ್ ಆರ್ ಬ್ರೈನ್‌ವಾಶಿಂಗ್?’ ಅವರ ಹಲವು ವರ್ಷಗಳ ದುಡಿಮೆಯ ಫಲ. ಮೂನಿಗಳ ಕೇಂದ್ರಗಳಲ್ಲಿ ಅವರು ಉಳಿದರು, ಶಿಬಿರಗಳಲ್ಲಿ ಕೂತರು. ಸದಸ್ಯರ ಪಟ್ಟಿಯನ್ನೇ ಕೇಳಿ ಪಡೆದು, ಯಾರನ್ನು ಮಾತಾಡಿಸಬೇಕೆಂದು ತಾವೇ ಯಾದೃಚ್ಛಿಕವಾಗಿ ಆರಿಸಿಕೊಂಡರು. ಚರ್ಚ್ ತನಗೆ ಬೇಕಾದವರನ್ನೇ ಮುಂದೆ ತಂದು ಕೂರಿಸುವ ಅವಕಾಶ ಹೀಗೆ ತಪ್ಪಿತು.

ಆದರೆ ಪುಸ್ತಕದ ನಿಜವಾದ ಹೆಚ್ಚುಗಾರಿಕೆ ಇನ್ನೊಂದು ಕಡೆ ಇದೆ. ಅದುವರೆಗಿನ ಹೆಚ್ಚಿನ ಬರಹಗಳು ಸೇರಿದವರ ಕಥೆಯನ್ನೋ ಹೊರಬಂದು ಸಿಟ್ಟಾದವರ ಕಥೆಯನ್ನೋ ಹೇಳುತ್ತಿದ್ದವು. ಬಾರ್ಕರ್ ಸೇರದೆ ಹೋದವರನ್ನು ಹುಡುಕಿದರು. 1979ರಲ್ಲಿ ಲಂಡನ್ ಸುತ್ತಮುತ್ತ ಸಾವಿರಕ್ಕೂ ಹೆಚ್ಚು ಮಂದಿ ಎರಡು ದಿನಗಳ ಶಿಬಿರಕ್ಕೆ ಬಂದಿದ್ದರು. ಅದಾದ ಮೇಲೆ ಏಳು ದಿನದ್ದು, ಆಮೇಲೆ ಇಪ್ಪತ್ತೊಂದು ದಿನದ್ದು. ಒಂದೊಂದು ಹಂತದಲ್ಲೂ ಜನ ಕಳಚಿಕೊಳ್ಳುತ್ತ ಹೋದರು. ಕೊನೆಗೆ ನೂರಕ್ಕೆ ತೊಂಬತ್ತರಷ್ಟು ಮಂದಿ ಸೇರಲೇ ಇಲ್ಲ. ಸೇರಿದವರಲ್ಲೂ ಹೆಚ್ಚಿನವರು ಎರಡು ವರ್ಷದೊಳಗೆ ತಾವಾಗಿಯೇ ಬಿಟ್ಟುಬಂದರು. ಅದೇ ಊಟ, ಅದೇ ನಿದ್ದೆ, ಅದೇ ಉಪನ್ಯಾಸ ಎಲ್ಲರಿಗೂ. ಎದುರಿಸಲಾಗದ ಶಕ್ತಿ ಶಿಬಿರದಲ್ಲೇ ಇದ್ದಿದ್ದರೆ ಇಷ್ಟು ಜನ ಎದ್ದು ಹೋಗುತ್ತಿರಲಿಲ್ಲ.

ಹಾಗಾದರೆ ದುರ್ಬಲ ಮನಸ್ಸಿನವರು ಮಾತ್ರ ಬಲೆಗೆ ಬಿದ್ದರೇ? ಅದನ್ನೂ ಬಾರ್ಕರ್ ಬಿಡುವುದಿಲ್ಲ. ಸೇರಿದವರನ್ನು, ಸೇರದವರನ್ನು, ಬಿಟ್ಟವರನ್ನು, ಈ ಪಂಥದ ಸಂಪರ್ಕಕ್ಕೇ ಬಾರದ ಅದೇ ವಯಸ್ಸಿನವರನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ. ನೆಲೆ ತಪ್ಪಿ ಅಲೆಯುತ್ತಿದ್ದವರು ಹೆಚ್ಚಾಗಿ ಕಂಡದ್ದು ಸೇರದವರಲ್ಲಿ, ಅಥವಾ ಸೇರಿ ಬೇಗನೆ ಹೊರಬಿದ್ದವರಲ್ಲಿ. ಉಳಿದುಕೊಂಡವರು ಬಹುಪಾಲು ಮಧ್ಯಮವರ್ಗದ, ಸೇವೆ ಕರ್ತವ್ಯಗಳನ್ನು ದೊಡ್ಡದಾಗಿ ಕಾಣುವ ಮನೆಗಳಲ್ಲಿ ಬೆಳೆದ ಆದರ್ಶವಾದಿ ಯುವಕ ಯುವತಿಯರು. ಈ ಅಧ್ಯಾಯಗಳನ್ನು ಓದುವಾಗ ಮೂನಿ ಎಂಬ ವಿಚಿತ್ರ ಪ್ರಾಣಿ ಮಾಯವಾಗಿ, ಹೊರಗಿನ ಜಗತ್ತು ಕೊಡದ ಕೆಲಸವೊಂದನ್ನು ಅಲ್ಲಿ ಕಂಡುಕೊಂಡ ಮನುಷ್ಯರು ಎದುರಾಗುತ್ತಾರೆ.

ನನ್ನ ತಕರಾರು ಆ ತೊಂಬತ್ತರ ಬಗ್ಗೆ ಅಲ್ಲ, ಉಳಿದ ಹತ್ತರ ಬಗ್ಗೆ. ಬಹಳ ಜನ ತಪ್ಪಿಸಿಕೊಂಡರು ಎಂಬುದರಿಂದ ಶಿಬಿರ ಸರ್ವಶಕ್ತವಲ್ಲ ಎಂದು ಸಿದ್ಧವಾಗುತ್ತದೆ; ಒಳಗೆ ಹೋದ ಪ್ರತಿಯೊಬ್ಬರೂ ಕಣ್ಣು ತೆರೆದೇ ಹೋದರು ಎಂದು ಸಿದ್ಧವಾಗುವುದಿಲ್ಲ. ತನ್ನ ಹಿಂದಿನ ಅನುಭವವನ್ನು ನೆನೆದು, ಮುಂದಿನ ದಾರಿಗಳನ್ನು ಊಹಿಸಿ ತೀರ್ಮಾನಿಸುವುದೇ ಆಯ್ಕೆ ಎನ್ನುತ್ತಾರೆ ಬಾರ್ಕರ್. ಕ್ಯಾಲಿಫೋರ್ನಿಯಾದ ಶಿಬಿರಗಳಲ್ಲಿ ಹೊಸಬರಿಗೆ ಇದು ಮೂನ್ ಅವರ ಸಂಸ್ಥೆ ಎಂಬುದನ್ನೇ ಮೊದಲು ಹೇಳುತ್ತಿರಲಿಲ್ಲ. ಆ ವಂಚನೆಯನ್ನು ಲೇಖಕಿ ಮುಚ್ಚಿಡದೆ ಖಂಡಿಸುತ್ತಾರೆ, ನಿಜ. ಆದರೆ ಇರುವ ದಾರಿ ಯಾರದೆಂದೇ ತಿಳಿಯದವನು ಮುಂದಿನದನ್ನು ಊಹಿಸುವುದು ಹೇಗೆ? ಅವರದೇ ವ್ಯಾಖ್ಯೆಯನ್ನು ಇಲ್ಲಿ ಬಿಗಿಯಾಗಿ ಅನ್ವಯಿಸಿದ್ದರೆ ತೀರ್ಮಾನ ಇನ್ನಷ್ಟು ಎಚ್ಚರದ್ದಾಗುತ್ತಿತ್ತು.

ಪುಸ್ತಕ ಬಾಗಿಲ ಹತ್ತಿರವೇ ನಿಲ್ಲುತ್ತದೆ ಎಂಬುದು ಇದಕ್ಕಿಂತ ದೊಡ್ಡ ಮಿತಿ. ಇಲ್ಲಿ ಸಿಗುವುದು ಮದುವೆಯಾಗದ, ಆಸ್ತಿಯಿಲ್ಲದ, ಬಿಟ್ಟರೆ ಮರಳಲು ಮನೆಯಿರುವ ಬ್ರಿಟಿಷ್ ಯುವಜನ. ಜಪಾನಿನಲ್ಲಿ ಅದೇ ಚರ್ಚ್ ಬೆಳೆದದ್ದು ಸಂಸಾರಸ್ಥರ ದೇಣಿಗೆಯ ಮೇಲೆ, ಪೂರ್ವಜರ ಪಾಪಪರಿಹಾರದ ಹೆಸರಿನಲ್ಲಿ ನಡೆದ ಮಾರಾಟದ ಮೇಲೆ. 2022ರಲ್ಲಿ ಮಾಜಿ ಪ್ರಧಾನಿ ಶಿಂಜೋ ಅಬೆ ಅವರನ್ನು ಗುಂಡಿಕ್ಕಿ ಕೊಂದವನು ಹೇಳಿದ್ದು, ತಾಯಿ ಈ ಚರ್ಚಿಗೆ ಕೊಟ್ಟ ಭಾರೀ ದೇಣಿಗೆಯಿಂದ ತನ್ನ ಮನೆ ಹಾಳಾಯಿತು ಎಂದು. 2025ರ ಮಾರ್ಚ್‌ನಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಚರ್ಚಿನ ಜಪಾನ್ ಶಾಖೆಯನ್ನು ವಿಸರ್ಜಿಸಲು ಆದೇಶಿಸಿತು. 1984ರ ಪುಸ್ತಕ ಇದನ್ನು ಮುಂಗಾಣಲಿಲ್ಲ ಎಂದು ದೂರುವುದು ಅನ್ಯಾಯ. ಆದರೂ ಆ ಮಗ ಆ ಚರ್ಚನ್ನು ತಾನಾಗಿ ಆರಿಸಿಕೊಂಡಿರಲಿಲ್ಲ. ಆಯ್ಕೆಯೋ ಬ್ರೈನ್‌ವಾಶೋ ಎಂಬ ಪ್ರಶ್ನೆಯಲ್ಲಿ ಅವನಂಥವರಿಗೆ ಜಾಗವೇ ಇಲ್ಲ.

ಆ ಕೊರತೆಯ ನಡುವೆಯೂ, ಹೊಸ ಪಂಥಗಳ ಬಗ್ಗೆ ಬರೆಯುವವರು ಮೊದಲು ಓದಬೇಕಾದ ಪುಸ್ತಕ ಇದೇ ಎಂದು ನನ್ನ ಅಭಿಪ್ರಾಯ. ಬಂದು ಹೋದವರನ್ನು ಎಣಿಸದೆ ಒಳಗಿರುವವರನ್ನಷ್ಟೇ ನೋಡಿ ಬರೆದ ಯಾವುದೇ ವರದಿಯನ್ನು ಆಮೇಲೆ ಮೊದಲಿನಂತೆ ನಂಬಲು ಆಗುವುದಿಲ್ಲ.