ಟೇಕಲ್‌ನ ‘ಬೇಡ’ ಕುಪ್ಪಂ ಮುಟ್ಟುವಾಗ

ಟೇಕಲ್ ಸ್ಟೇಷನ್ನಿನಲ್ಲಿ ಜೋಲಾರಪೇಟೆ ಕಡೆಯ ರೈಲು ಹತ್ತಿದರೆ ಬಂಗಾರಪೇಟೆ ದಾಟಿ ಕುಪ್ಪಂ ಬರುತ್ತದೆ. ಅಷ್ಟರಲ್ಲಿ ರಾಜ್ಯ ಬದಲಾಗಿರುತ್ತದೆ, ಸ್ಟೇಷನ್ನಿನ ಬೋರ್ಡಿನ ಮೇಲೆ ತೆಲುಗು ಬಂದಿರುತ್ತದೆ. ಆದರೆ ಡಬ್ಬಿಯೊಳಗೆ ತೆಲುಗು ಟೇಕಲ್‌ಗೂ ಮುಂಚೆಯೇ ಹತ್ತಿ ಕೂತಿರುತ್ತದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಅಜ್ಜಿಯ ಜೊತೆ ತೆಲುಗು, ಇಸ್ಕೂಲಲ್ಲಿ ಕನ್ನಡ. ಇಂಥ ಸೀಮೆಯಲ್ಲಿ ಪ್ರೀತಿಗೆ ತರ್ಜುಮೆ ಬೇಕಾಗುವುದಿಲ್ಲ, ಎರಡು ಭಾಷೆ ಬೆರೆಸಿಕೊಂಡೇ ನಡೆದುಹೋಗುತ್ತದೆ. ಬಿಟ್ಟುಬಿಡುವ ಮಾತು ಹೇಳಬೇಕಾದಾಗಲೇ ತೊಂದರೆ. ಕನ್ನಡದಲ್ಲಿ ಯೋಚಿಸಿದ್ದನ್ನು ತೆಲುಗಿನವನಿಗೆ ಅವನ ಭಾಷೆಯಲ್ಲೇ ಸರಿಯಾಗಿ ಮುಟ್ಟಿಸಬೇಕು ಎಂದು ಅನ್ನಿಸುತ್ತದೆ. ಆಗ ‘ನಿಂಗೆ ತೆಲುಗು ಚೆನ್ನಾಗಿ ಬರುತ್ತಲ್ಲ, ಬರ್ಕೊಡೇ’ ಎಂದು ಗೆಳತಿಯ ಕೈಗೆ ಫೋನ್ ಹೋಗುತ್ತದೆ.

ಹಾಗೆ ನಡೆಯುವ ತರ್ಜುಮೆ ಎಷ್ಟು ಸರಿ ಎಂದು ನೋಡುವುದಕ್ಕೆ ಒಂದು ಸಂದೇಶವನ್ನು ಇಟ್ಟುಕೊಳ್ಳೋಣ. ಟೇಕಲ್‌ನ ಹುಡುಗಿ, ಕುಪ್ಪಂ ಕಡೆಯ ಹುಡುಗ. ಅವಳು ಬರೆದದ್ದು ಇಷ್ಟು ಎಂದುಕೊಳ್ಳಿ:

‘ನಾನು ಚೆನ್ನಾಗಿ ಯೋಚನೆ ಮಾಡಿದೀನಿ. ನಾವು ಇನ್ನು ಜೊತೇಲಿರೋದು ಬೇಡ. ಇದು ನನ್ನ ತೀರ್ಮಾನ, ನಮ್ಮ ಮನೆಯವರು ಹೇಳಿದ್ದಲ್ಲ. ನೀನು ನನ್ನನ್ನ ಯಾವತ್ತೂ ಕೀಳಾಗಿ ನೋಡಲಿಲ್ಲ, ಅದನ್ನ ಮರೆಯಲ್ಲ. ಮತ್ತೆ ಫೋನ್ ಮಾಡಬೇಡ. ಚೆನ್ನಾಗಿರು.’

ಒಳ್ಳೆಯ ಸಂದೇಶ. ಗಟ್ಟಿತನ ಮೂರು ಕಡೆ ಇದೆ: ‘ಬೇಡ’, ‘ನನ್ನ ತೀರ್ಮಾನ’, ‘ಮಾಡಬೇಡ’. ಕರುಣೆ ಒಂದೇ ಸಾಲಿನಲ್ಲಿದೆ, ಅದೂ ಹೊಗಳಿಕೆಯಲ್ಲ, ನಡೆದ ಒಂದು ಸಂಗತಿ. ಕ್ಷಮೆ ಕೇಳಿಲ್ಲ, ತಪ್ಪು ಹೊರಿಸಿಲ್ಲ.

ಇದನ್ನು ಮೆತ್ತಗೆ ಹೇಳಬೇಕೆಂದು ಹೊರಟ ಗೆಳತಿಯ ತೆಲುಗು ಸಾಮಾನ್ಯವಾಗಿ ಹೀಗಿರುತ್ತದೆ: ‘ನೇನು ಚಾಲಾ ಆಲೋಚಿಂಚಾನು. ಮನಂ ಕಲಿಸಿ ಉಂಡಡಂ ಕುದರದೇಮೋ ಅನಿಪಿಸ್ತೋಂದಿ. ಏಮೀ ಅನುಕೋಕಂಡಿ. ಕೊನ್ನಾಳ್ಳು ಫೋನ್ ಚೇಯಕಂಡಿ. ಇಕ ಉಂಟಾನು.’

ಓದಿದರೆ ತೆಲುಗು ಸೊಗಸಾಗಿದೆ. ಆದರೆ ಹುಡುಗಿ ಹೇಳಿದ್ದು ಇದಲ್ಲ. ‘ಬೇಡ’ ಎನ್ನುವುದು ‘ಕುದರದೇಮೋ ಅನಿಪಿಸ್ತೋಂದಿ’ ಆಗಿದೆ, ಅಂದರೆ ಹೊಂದಿಕೊಳ್ಳಲ್ಲವೇನೋ ಅನ್ನಿಸ್ತಿದೆ ಎಂದು. ಹೊಂದಿಕೊಳ್ಳದ್ದನ್ನು ಹೊಂದಿಸಬಹುದು, ಅನ್ನಿಸಿದ್ದು ನಾಳೆ ಬೇರೆ ಥರ ಅನ್ನಿಸಬಹುದು. ‘ಏನು ಕುದುರಲ್ಲ ಹೇಳು, ನಾನು ಕುದುರಿಸ್ತೀನಿ’ ಎಂದು ಅವನು ಮಾರನೇ ದಿನ ರೈಲು ಹತ್ತಿ ಬಂದರೆ ಅವನನ್ನು ತಪ್ಪು ಎನ್ನುವಂತಿಲ್ಲ, ಅವನ ಕೈಗೆ ಬಂದ ಸಂದೇಶ ಹಾಗೇ ಇದೆ. ‘ಮತ್ತೆ ಮಾಡಬೇಡ’ ಎಂಬುದಕ್ಕೆ ‘ಕೊನ್ನಾಳ್ಳು’, ಸ್ವಲ್ಪ ದಿನ, ಎಂದು ಸೇರಿಕೊಂಡಿದೆ. ಸ್ವಲ್ಪ ದಿನ ಎಂದರೆ ಅವನು ಕ್ಯಾಲೆಂಡರ್ ನೋಡುತ್ತಾ ಕೂರುತ್ತಾನೆ. ‘ಇದು ನನ್ನ ತೀರ್ಮಾನ’ ಎಂಬ ಸಾಲು ಪೂರ್ತಿ ಬಿದ್ದುಹೋಗಿದೆ, ಬಹುಶಃ ಒರಟು ಅನ್ನಿಸಿ. ಅದು ಬಿದ್ದರೆ ‘ಮನೇಲಿ ಒತ್ತಾಯ ಮಾಡಿರಬೇಕು’ ಎಂದು ಅವನೇ ಕಾರಣ ಹುಡುಕಿಕೊಳ್ಳುತ್ತಾನೆ. ಇನ್ನೂ ವಿಚಿತ್ರವೆಂದರೆ ಕರುಣೆಯ ಸಾಲೂ ಇಲ್ಲ. ಅದರ ಜಾಗಕ್ಕೆ ‘ಏಮೀ ಅನುಕೋಕಂಡಿ’ ಬಂದಿದೆ. ಅದು ಬಸ್ಸಿನಲ್ಲಿ ಕಾಲು ತುಳಿದಾಗ ಹೇಳುವ ಮಾತು.

‘ಅಂಡಿ’ ಬೇರೆ. ಕೋಲಾರದವರ ತೆಲುಗು ಮನೆಯ ತೆಲುಗು. ಮರ್ಯಾದೆಯ ತೆಲುಗನ್ನು ಸಿನಿಮಾ, ಟಿ.ವಿ.ಯಿಂದ ಕಲಿತದ್ದೇ ಹೆಚ್ಚು. ಬರೆಯಲು ಕೂತಾಗ ಆ ತೆಲುಗು ನುಗ್ಗುತ್ತದೆ. ನಿನ್ನೆಯವರೆಗೆ ‘ನುವ್ವು’ ಎಂದವಳು ಇವತ್ತು ‘ಅಂಡಿ’ ಎಂದರೆ ಅವನಿಗೆ ವಕೀಲರ ನೋಟಿಸು ಬಂದ ಹಾಗಾಗುತ್ತದೆ. ದಾಕ್ಷಿಣ್ಯಕ್ಕೆಂದು ಹಾಕಿದ ಬಹುವಚನವೇ ಇಡೀ ಸಂದೇಶದಲ್ಲಿ ತಣ್ಣಗೆ ಕೊರೆಯುವ ಭಾಗ. ಮಾತು ಗಟ್ಟಿಯಾಗಬೇಕಾದಲ್ಲಿ ಮೆತ್ತಗಾಗಿದೆ, ಹತ್ತಿರವಾಗಬೇಕಾದಲ್ಲಿ ದೂರವಾಗಿದೆ.

ಕೊನೆಯ ‘ಉಂಟಾನು’ ನೋಡಿ. ತೆಲುಗಿನಲ್ಲಿ ಫೋನ್ ಇಡುವಾಗ, ಕಾಗದ ಮುಗಿಸುವಾಗ ಹೀಗೆ ಹೇಳುವುದುಂಟು. ಅಕ್ಷರಕ್ಕೆ ಅಕ್ಷರ ‘ಇರ್ತೀನಿ’ ಎಂದು. ನಮ್ಮಲ್ಲೂ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಹೋಗ್ಬರ್ತೀನಿ’ ಎನ್ನುತ್ತೇವೆ. ಬರಿದೇ ಹೋಗುತ್ತೇನೆ ಎಂದರೆ ಹಿರಿಯರು ಬಿಡ್ತು ಅನ್ನಿಸುತ್ತಾರೆ. ಈ ಭಾಷೆಗಳ ವಿದಾಯದಲ್ಲಿ ವಾಪಸು ಬರುವ ಮಾತು ಒಳಗೇ ಕೂತಿದೆ. ಆದ್ದರಿಂದ ಕೊನೆಯ ಸಂದೇಶಕ್ಕೆ ರೂಢಿಯ ಮುಕ್ತಾಯ ಬಳಸುವಂತಿಲ್ಲ. ಹಾಗೆಂದು ‘ಇಕ ಸೆಲವು’ ಎಂದರೆ ಇನ್ನೂ ಅಪಾಯ, ಅದರಲ್ಲಿ ಸಾವಿನ ವಾಸನೆ ಬಡಿಯುತ್ತದೆ. ಹುಡುಗ ಗಾಬರಿಯಾಗಿ ಊರಿಗೆಲ್ಲ ಫೋನ್ ಮಾಡಿಯಾನು. ಮೂಲದ ‘ಚೆನ್ನಾಗಿರು’ವಿಗೆ ‘ನುವ್ವು ಬಾಗುಂಡಾಲಿ’ ಸಾಕು. ಅದರಲ್ಲಿ ಹಾರೈಕೆ ಇದೆ, ಭೇಟಿಯ ಭರವಸೆ ಇಲ್ಲ.

ಇದಕ್ಕೆ ತದ್ವಿರುದ್ಧದ ಇನ್ನೊಂದು ತರ್ಜುಮೆ ಇದೆ. ‘ನುವ್ವು ನಾಕು ವದ್ದು’ ಎಂದು ಶುರುವಾಗುವಂಥದ್ದು. ಬೇಡ ಎಂದರೆ ವದ್ದು, ಪದ ತಪ್ಪಿಲ್ಲ. ಆದರೆ ಹುಡುಗಿ ಬೇಡ ಎಂದದ್ದು ಜೊತೆಯಲ್ಲಿರುವುದನ್ನು. ಇಲ್ಲಿ ಬೇಡವಾದವನು ಅವನೇ. ಕ್ರಿಯೆಯ ಮೇಲಿದ್ದ ನಿರಾಕರಣೆ ಮನುಷ್ಯನ ಮೇಲೆ ಬಿತ್ತು. ಇದು ಗಟ್ಟಿತನ ಅಲ್ಲ, ಅವಮಾನ.

ಇನ್ನು ‘ನಾವು’. ಇಲ್ಲಿ ಕನ್ನಡಿಗರು ಗೊತ್ತೇ ಆಗದೆ ಎಡವುತ್ತಾರೆ. ಕನ್ನಡಕ್ಕೆ ಒಂದೇ ನಾವು. ತೆಲುಗಿಗೆ ಎರಡು: ಕೇಳುವವನೂ ಸೇರಿದರೆ ‘ಮನಂ’, ಅವನನ್ನು ಬಿಟ್ಟು ನಾವಷ್ಟೇ ಆದರೆ ‘ಮೇಮು’. ಕೆ.ಜಿ.ಎಫ್. ಕಡೆಯ ತಮಿಳಿನಲ್ಲೂ ‘ನಾಮ’, ‘ನಾಂಗ’ ಎಂದು ಇದೇ ಭೇದ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಅವರು ಬರೆದ ಕನ್ನಡಕ್ಕೆ ಇರುವುದು ಒಂದೇ ‘ನಾವು’. ಈ ಸಂದೇಶದಲ್ಲಿ ಎರಡು ಆಯ್ಕೆ ಮಾಡಬೇಕು. ‘ನಾವು ಜೊತೇಲಿರೋದು ಬೇಡ’ ಎಂಬಲ್ಲಿ ಮನಂ ಬರಬೇಕು. ಬಿಟ್ಟು ಹೋಗುವಾಗಲೂ ಆ ಪದ ಇಬ್ಬರನ್ನೂ ಒಟ್ಟಿಗೆ ಹಿಡಿದಿರುತ್ತದೆ, ಅದರ ಮೃದುತ್ವ ಅಲ್ಲಿದೆ. ‘ನಮ್ಮ ಮನೆಯವರು’ ಎಂಬಲ್ಲಿ ಮಾತ್ರ ‘ಮಾ’ ಆಗಬೇಕು. ಅಲ್ಲಿ ‘ಮನ ಇಂಟ್ಲೋ’ ಎಂದುಬಿಟ್ಟರೆ, ನಮ್ಮಿಬ್ಬರ ಮನೆ ಎಂದು, ಬಿಡುವವಳೇ ಅವನನ್ನು ಮನೆಯೊಳಗೆ ಕರೆದುಕೊಂಡಂತೆ.

ಇಷ್ಟನ್ನೂ ಗಮನಿಸಿ ಬರೆದರೆ ಸಂದೇಶ ಹೀಗಾಗುತ್ತದೆ: ‘ನೇನು ಬಾಗಾ ಆಲೋಚಿಂಚಾನು. ಇಕ ಮನಂ ಕಲಿಸಿ ಉಂಡೊದ್ದು. ಇದಿ ನಾ ನಿರ್ಣಯಂ, ಮಾ ಇಂಟ್ಲೋ ವಾಳ್ಳು ಚೆಪ್ಪಿಂದಿ ಕಾದು. ನುವ್ವು ನನ್ನು ಎಪ್ಪುಡೂ ಚಿನ್ನಚೂಪು ಚೂಡಲೇದು, ಅದಿ ಮರ್ಚಿಪೋನು. ಮಳ್ಳೀ ಫೋನ್ ಚೆಯ್ಯಕು. ನುವ್ವು ಬಾಗುಂಡಾಲಿ.’

ಇದೂ ಪೂರ್ತಿ ನಿರ್ದೋಷವಲ್ಲ. ‘ಉಂಡೊದ್ದು’ ಒಂದನ್ನೇ ಓದಿದರೆ ‘ಬೇಡ ಅಲ್ವಾ?’ ಎಂದು ಅಭಿಪ್ರಾಯ ಕೇಳಿದಂತೆಯೂ ಕೇಳಿಸೀತು. ಮೂಲದ ‘ಇರೋದು ಬೇಡ’ಕ್ಕೂ ಅದೇ ಗುಣ ಇದೆ. ಅದನ್ನು ಮುಚ್ಚುವುದು ಅದರ ಬೆನ್ನಿಗೇ ಬರುವ ‘ಇದಿ ನಾ ನಿರ್ಣಯಂ’. ಆದ್ದರಿಂದ ಆ ಎರಡು ಸಾಲುಗಳ ನಡುವೆ ಬೇರೇನನ್ನೂ ತುರುಕಬಾರದು. ‘ಕೀಳಾಗಿ ನೋಡು’ವಿಗೆ ‘ಚಿನ್ನಚೂಪು ಚೂಡು’ ಸಿಕ್ಕಿದ್ದು ಅದೃಷ್ಟ. ಎರಡೂ ಭಾಷೆಯ ನುಡಿಗಟ್ಟು ನೋಟದ ಮೇಲೇ ನಿಂತಿದೆ.

ತರ್ಜುಮೆ ಸರಿಯಾಯಿತೇ ಎಂದು ತಿಳಿಯಲು ಇಬ್ಬರನ್ನೂ ಅರಿಯದ, ತೆಲುಗಿನಲ್ಲೇ ಬೆಳೆದ ಒಬ್ಬರಿಗೆ ಹೆಸರು ತೆಗೆದು ಓದಿಸಬೇಕು. ಕೇಳಬೇಕಾದ್ದು ಎರಡೇ ಪ್ರಶ್ನೆ: ಇದನ್ನು ಓದಿದವನು ನಾಳೆ ಫೋನ್ ಮಾಡಬಹುದಾ? ಅವನು ಏನಾದರೂ ತಪ್ಪು ಮಾಡಿದ್ದಾನಾ? ಎರಡಕ್ಕೂ ‘ಇಲ್ಲ’ ಎಂದು ಬಂದರೆ ಕಳಿಸಬಹುದು. ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ. ಗೆಳತಿಯ ಮೊದಲ ತರ್ಜುಮೆಯೂ ಚೆನ್ನಾಗಿಯೇ ಇತ್ತು. ಮೊದಲ ಪ್ರಶ್ನೆಗೆ ಅದು ‘ಹೌದು, ಮಾಡಬಹುದು’ ಎನ್ನುತ್ತದೆ. ‘ನುವ್ವು ನಾಕು ವದ್ದು’ ಎಂಬುದು ಎರಡನೆಯದಕ್ಕೆ ‘ಹೌದು, ಏನೋ ಮಾಡಿರಬೇಕು’ ಎನ್ನುತ್ತದೆ. ಇವೆರಡರಲ್ಲಿ ಹೆಚ್ಚು ಕೆಟ್ಟದ್ದು ಯಾವುದೆಂದು ಕೇಳಿದರೆ ನಾನು ಮೊದಲನೆಯದನ್ನೇ ತೋರಿಸುತ್ತೇನೆ: ಅವಮಾನವಾದವನಿಗೆ ವಿಷಯವಾದರೂ ತಿಳಿದಿರುತ್ತದೆ, ‘ಕೊನ್ನಾಳ್ಳು’ ಓದಿದವನಿಗೆ ಅದೂ ತಿಳಿದಿರುವುದಿಲ್ಲ.