ಅಂಚು ಹೇಳಿದ್ದು, ನಡುವೆ ಕೇಳಿದ್ದು: ಒಂದು ಬಿಲ್ಲೆಯ ಲೆಕ್ಕಕ್ಕೆ ವ್ಯಾಖ್ಯಾನ

ಲೆಕ್ಕ ಇದು. 5 ಸೆಂ.ಮೀ. ತ್ರಿಜ್ಯದ ತೆಳುವಾದ ಲೋಹದ ಬಿಲ್ಲೆಯೊಂದಿದೆ. ಮೇಲಿನ ಮತ್ತು ಕೆಳಗಿನ ಮೈಯಿಂದ ಶಾಖ ಸೋರದಂತೆ ಮುಚ್ಚಿದ್ದಾರೆ. ಅಂಚಿನ ಮೇಲರ್ಧವನ್ನು ಕುದಿಯುವ ನೀರಿನ 100 ಡಿಗ್ರಿಯಲ್ಲಿ, ಕೆಳಗಿನರ್ಧವನ್ನು ಕರಗುವ ಮಂಜುಗಡ್ಡೆಯ 0 ಡಿಗ್ರಿಯಲ್ಲಿ ಹಿಡಿದಿಟ್ಟಿದ್ದಾರೆ. ಬಹಳ ಹೊತ್ತು ಕಳೆದು, ಯಾವ ಬಿಂದುವಿನಲ್ಲೂ ಉಷ್ಣತೆ ಏರಿಳಿಯದ ಸ್ಥಿತಿ ಬಂದಿದೆ. ಈಗ ಒಳಗಿನ ಪ್ರತಿ ಬಿಂದುವಿನ ಉಷ್ಣತೆ ಎಷ್ಟು? ಪಠ್ಯಪುಸ್ತಕಗಳು ಇದನ್ನು ಏಳೆಂಟು ಸಾಲುಗಳಲ್ಲಿ ಮುಗಿಸುತ್ತವೆ. ಆ ಸಾಲುಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

u_rr + (1/r) u_r + (1/r²) u_θθ = 0

ಇದು ಲ್ಯಾಪ್ಲಾಸನ ವಿಭವ ಸಮೀಕರಣ, ಧ್ರುವೀಯ ರೂಪದಲ್ಲಿ. r ಎಂದರೆ ಕೇಂದ್ರದಿಂದ ದೂರ, θ ಎಂದರೆ ಬಲಗಡೆಯ ಅಡ್ಡಗೆರೆಯಿಂದ ಅಳೆದ ಕೋನ. ಅಂಚು ವೃತ್ತವಾಗಿರುವುದರಿಂದ ಈ ರೂಪವೇ ಒಗ್ಗುತ್ತದೆ. x, y ಹಿಡಿದು ಹೊರಟರೆ ಅಂಚನ್ನು ಹೇಳಲು ವರ್ಗಮೂಲ ಬೇಕಾಗುತ್ತದೆ. ಇಲ್ಲಿ r = a ಎಂದರೆ ಸಾಕು.

ನಡುವಿನ (1/r) u_r ಎಂಬ ಪದ ಎಲ್ಲಿಂದ ಬಂತು ಎಂದು ವಿದ್ಯಾರ್ಥಿಗಳು ಕೇಳುವುದು ಕಡಿಮೆ, ಕೇಳಬೇಕಾದದ್ದು ಅದನ್ನೇ. ಉಷ್ಣತೆ ಕೋನವನ್ನು ಅವಲಂಬಿಸಿಲ್ಲ ಎಂದುಕೊಳ್ಳಿ. ಕೇಂದ್ರದ ಸುತ್ತ ಒಂದು ಸಣ್ಣ ಬಳೆ, ಅದರಾಚೆ ಒಂದು ದೊಡ್ಡ ಬಳೆ. ಸ್ಥಿರ ಸ್ಥಿತಿಯಲ್ಲಿ ಎರಡನ್ನೂ ದಾಟುವ ಶಾಖ ಒಂದೇ ಆಗಿರಬೇಕು, ಇಲ್ಲವಾದರೆ ನಡುವೆ ಶಾಖ ಶೇಖರವಾಗುತ್ತದೆ. ದೊಡ್ಡ ಬಳೆಯ ಸುತ್ತಳತೆ ಹೆಚ್ಚು, ಆದ್ದರಿಂದ ಅಲ್ಲಿ ಉಷ್ಣತೆಯ ಇಳಿಜಾರು ಅಷ್ಟೇ ಪಾಲು ಕಡಿಮೆಯಾಗಬೇಕು. r ಮತ್ತು ಇಳಿಜಾರಿನ ಗುಣಲಬ್ಧ ಬದಲಾಗದು ಎಂಬ ಈ ಮಾತೇ ಆ ಪದದ ಅರ್ಥ.

ಇನ್ನೊಂದನ್ನು ಗಮನಿಸಿ: ಸಮೀಕರಣದಲ್ಲಿ ಲೋಹದ ಹೆಸರೇ ಇಲ್ಲ. ಬಿಲ್ಲೆ ತಾಮ್ರದ್ದಾದರೂ ಕಬ್ಬಿಣದ್ದಾದರೂ ಕೊನೆಗೆ ನಿಲ್ಲುವ ಉಷ್ಣತೆಗಳು ಒಂದೇ. ತಾಮ್ರ ಬೇಗ ಆ ಸ್ಥಿತಿಗೆ ಬರುತ್ತದೆ, ಹೆಚ್ಚು ಶಾಖವನ್ನು ಸಾಗಿಸುತ್ತದೆ, ಅಷ್ಟೇ.

u = R(r) Θ(θ); Θ″ = −n² Θ; r² R″ + r R′ = n² R

ಉತ್ತರವನ್ನು ದೂರದ ಒಂದು ಭಾಗ, ಕೋನದ ಒಂದು ಭಾಗ ಎಂದು ಬೇರ್ಪಡಿಸಿ ಸಮೀಕರಣದಲ್ಲಿ ಇಟ್ಟಾಗ, ಒಂದು ಬದಿಯಲ್ಲಿ r ಮಾತ್ರ, ಇನ್ನೊಂದು ಬದಿಯಲ್ಲಿ θ ಮಾತ್ರ ಉಳಿಯುತ್ತವೆ. ಒಂದನ್ನು ಬದಲಿಸಿದರೂ ಮತ್ತೊಂದು ಅಲುಗದೆ ಸಮನಾಗಿರಬೇಕಾದರೆ ಎರಡೂ ಒಂದೇ ಸ್ಥಿರಾಂಕವಾಗಿರಬೇಕು.

ಆ ಸ್ಥಿರಾಂಕವನ್ನು n² ಎಂದು, ಅದರಲ್ಲೂ n ಪೂರ್ಣಾಂಕವೆಂದು ಬರೆಯುವ ಧೈರ್ಯ ಎಲ್ಲಿಂದ ಬಂತು? ಪ್ರಶ್ನೆಯಲ್ಲಿ ಅದನ್ನು ಯಾರೂ ಕೊಟ್ಟಿಲ್ಲ. ಬಿಲ್ಲೆಯ ಆಕಾರ ಕೊಟ್ಟಿದೆ. ಒಂದು ಬಿಂದುವಿನಿಂದ ಹೊರಟು ಪೂರ್ತಿ ಒಂದು ಸುತ್ತು ಬಂದರೆ ಮತ್ತೆ ಅದೇ ಬಿಂದು, ಉಷ್ಣತೆಯೂ ಅದೇ. sin nθ, cos nθ ಹೀಗೆ ತಮ್ಮ ಮೊದಲ ಬೆಲೆಗೆ ಮರಳುವುದು n ಪೂರ್ಣಾಂಕವಾದಾಗ ಮಾತ್ರ. ಸ್ಥಿರಾಂಕದ ಚಿಹ್ನೆ ತಿರುಗಿದ್ದರೆ ಘಾತೀಯ ಫಲನಗಳು ಬರುತ್ತಿದ್ದವು, ಅವು ಸುತ್ತು ಹಾಕಿ ವಾಪಸು ಬರುವುದೇ ಇಲ್ಲ. ಬಿಲ್ಲೆಯಿಂದ ಹೋಳಿಗೆಯ ತುಂಡಿನಂತೆ ಒಂದು ಭಾಗವನ್ನಷ್ಟೇ ಕತ್ತರಿಸಿಕೊಂಡು ಲೆಕ್ಕ ಮಾಡುವಾಗ ಈ ವಾದ ನಡೆಯದು. ಅಲ್ಲಿ n ಭಿನ್ನರಾಶಿಯೂ ಆಗಬಹುದು.

R = A rⁿ + B r⁻ⁿ; n = 0 ಆದಾಗ R = A + B log r

R ಜಾಗದಲ್ಲಿ rᵐ ಇಟ್ಟು ನೋಡಿದರೆ m² = n² ಬರುತ್ತದೆ, ಅಲ್ಲಿಗೆ ಮೊದಲ ಸೂತ್ರ ಸಿದ್ಧ. ಮುಂದಿನ ಹೆಜ್ಜೆಯಲ್ಲಿ B = 0 ಎನ್ನುತ್ತಾರೆ. ಉತ್ತರಪತ್ರಿಕೆಗಳಲ್ಲಿ ಇದಕ್ಕೆ ಕಾರಣ ಬರೆಯುವವರು ಅಪರೂಪ, ಬರೆದವರಲ್ಲೂ ಹಲವರು ಅಂಚಿನ ಉಷ್ಣತೆಯಿಂದ ಹೀಗಾಯಿತು ಎನ್ನುತ್ತಾರೆ. ಅಂಚಿಗೂ ಇದಕ್ಕೂ ಸಂಬಂಧವಿಲ್ಲ. ಕಾರಣ ಇರುವುದು ಕೇಂದ್ರದಲ್ಲಿ. r ಸೊನ್ನೆಯತ್ತ ಹೋದಂತೆ r⁻ⁿ ಮಿತಿಯಿಲ್ಲದೆ ಬೆಳೆಯುತ್ತದೆ, log r ಮಿತಿಯಿಲ್ಲದೆ ಕುಸಿಯುತ್ತದೆ. ಬಿಲ್ಲೆಯ ನಡುವೆ ಲೋಹವಿದೆ, ಅಲ್ಲಿ ನಿಗದಿಯಾದ ಒಂದು ಉಷ್ಣತೆ ಇದ್ದೇ ಇರುತ್ತದೆ.

ಆದರೂ log r ಅನ್ನು ನಿಷ್ಪ್ರಯೋಜಕವೆಂದು ಎಸೆಯಬಾರದು. ಕೇಂದ್ರಕ್ಕೆ ಬೆಸುಗೆ ಕಡ್ಡಿಯ ಕಾದ ಮೊನೆಯನ್ನು ಒತ್ತಿ ಹಿಡಿದರೆ ಬರುವ ಉತ್ತರ ಅದೇ. ನಮ್ಮ ಲೆಕ್ಕದಲ್ಲಿ ಅಂಥ ಮೊನೆಯಿಲ್ಲ. ನಡುವೆ ತೂತಿರುವ ವಾಷರ್ ಆಗಿದ್ದರೆ ಕೇಂದ್ರವೇ ಲೋಹದ ಹೊರಗಿರುತ್ತಿತ್ತು. ಆಗ B ಉಳಿಯಬೇಕು, ಅದರ ಬೆಲೆ ಕಟ್ಟಲು ಒಳಗಂಚಿನ ಉಷ್ಣತೆಯನ್ನೂ ಕೊಡಬೇಕು.

u = a₀/2 + Σ (r/a)ⁿ (aₙ cos nθ + bₙ sin nθ)

rⁿ ಬದಲು (r/a)ⁿ ಎಂದು ಬರೆದದ್ದು ಅಂದಕ್ಕಲ್ಲ. ಹೀಗೆ ಬರೆದರೆ ಅಂಚಿನಲ್ಲಿ, ಅಂದರೆ r = a ಆದಾಗ, ಆ ಭಾಗ 1 ಆಗುತ್ತದೆ. aₙ, bₙ ಎಂಬವು ಅಂಚಿನ ಉಷ್ಣತೆಯ ಫೂರಿಯೇ ಗುಣಾಂಕಗಳೇ ಆಗಿಬಿಡುತ್ತವೆ. ಬರೀ rⁿ ಇಟ್ಟುಕೊಂಡವರು ಕೊನೆಯಲ್ಲಿ aⁿ ನಿಂದ ಭಾಗಿಸಲು ನೆನಪಿಡಬೇಕು. ಮರೆತರೆ ನಮ್ಮ 5 ಸೆಂ.ಮೀ. ಬಿಲ್ಲೆಯಲ್ಲಿ ಒಂಬತ್ತನೆಯ ಪದವೊಂದೇ 19,53,125 ಪಟ್ಟು ಉಬ್ಬಿ ನಿಲ್ಲುತ್ತದೆ.

a₀/2 = 50; aₙ = 0; bₙ = (1/π)∫₀^π 100 sin nθ dθ = (100/nπ)(1 − cos nπ)

ಮೊದಲ ಬೆಲೆ ಅಂಚಿನ ಸರಾಸರಿ. r = 0 ಇಟ್ಟರೆ ಅದೊಂದೇ ಉಳಿಯುವುದರಿಂದ ಕೇಂದ್ರದ ಉಷ್ಣತೆ ಯಾವಾಗಲೂ ಅಂಚಿನ ಸರಾಸರಿಯೇ. ಅಂಚಿನಿಂದ 50 ಕಳೆದರೆ ಮೇಲೆ +50, ಕೆಳಗೆ −50 ಉಳಿಯುತ್ತದೆ. ಅಡ್ಡಗೆರೆಯ ಎರಡೂ ಬದಿ ಹೀಗೆ ವಿರುದ್ಧವಾಗಿರುವಾಗ cos ಪದಗಳಿಗೆ ಜಾಗವಿಲ್ಲ. ಕೊನೆಯ ಆವರಣ n ಸಮಸಂಖ್ಯೆಯಾದಾಗ 0, ಬೆಸಸಂಖ್ಯೆಯಾದಾಗ 2.

u = 50 + (200/π) [ (r/a) sin θ + (1/3)(r/a)³ sin 3θ + (1/5)(r/a)⁵ sin 5θ + … ]

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. sin 9θ ಎಂದರೆ ಅಂಚಿನ ಸುತ್ತ ಒಂಬತ್ತು ಅಲೆ. ಆ ಅಲೆ ಒಳಗೆ ಎಷ್ಟು ದೂರ ಕೇಳಿಸುತ್ತದೆ ಎಂಬುದನ್ನು (r/a)⁹ ಹೇಳುತ್ತದೆ. ಅಂಚಿನಿಂದ ಅರ್ಧ ದಾರಿ ಬರುವಷ್ಟರಲ್ಲಿ ಅದು 512ರಲ್ಲಿ ಒಂದು ಪಾಲಾಗಿ ಅಡಗಿರುತ್ತದೆ. ಒಂದೇ ಅಲೆಯಿರುವ sin θ ಮಾತ್ರ ಅರ್ಧದಷ್ಟು ಉಳಿದಿರುತ್ತದೆ. ಅಲೆಗಳು ಒತ್ತಾಗಿದ್ದಷ್ಟೂ ಪಕ್ಕಪಕ್ಕದ ಬಿಸಿ ತಂಪುಗಳು ಅಂಚಿನ ಹತ್ತಿರವೇ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಅಂಚಿನಲ್ಲಿ ನೂರು ಡಿಗ್ರಿಯ ಕಡಿದಾದ ಮೆಟ್ಟಿಲಿದ್ದರೂ ಒಳಗೆ ಎಲ್ಲಿಯೂ ಮೂಲೆ ಮುರುಕು ಕಾಣದಿರುವುದು ಇದರಿಂದ.

ಸಂಖ್ಯೆ ಹಾಕಿ ನೋಡಿ. ಕೇಂದ್ರದಿಂದ ನೇರ ಮೇಲಕ್ಕೆ 2.5 ಸೆಂ.ಮೀ. ದೂರದ ಬಿಂದುವನ್ನು ತೆಗೆದುಕೊಳ್ಳೋಣ: r/a = 1/2, θ = 90 ಡಿಗ್ರಿ. ಆವರಣದಲ್ಲಿ ಒಂದೇ ಪದ ಇಟ್ಟುಕೊಂಡರೆ ಉಷ್ಣತೆ 81.83. ಎರಡಕ್ಕೆ 79.18, ಮೂರಕ್ಕೆ 79.58, ನಾಲ್ಕಕ್ಕೆ 79.51. ಪೂರ್ತಿ ಶ್ರೇಣಿಯ ಬೆಲೆ 79.52. ನಾಲ್ಕು ಪದಗಳು ಸಾಕಾದವು.

ಅಂಚಿನ ಸಮೀಪದಲ್ಲಿ ಈ ಸುಖವಿಲ್ಲ. r/a = 0.99 ಆದರೆ ನೂರನೆಯ ಘಾತದಲ್ಲೂ 0.37 ಉಳಿದಿರುತ್ತದೆ, ನೂರಾರು ಪದ ಕೂಡಿಸಬೇಕಾಗುತ್ತದೆ. ಅಂಚಿನ ಮೇಲೆಯೇ ನಿಂತು ಎಷ್ಟೇ ಪದ ಕೂಡಿಸಿ ನಿಲ್ಲಿಸಿದರೂ ಬಿಸಿ ತಂಪು ಸೇರುವ ಜಾಗದ ಪಕ್ಕದಲ್ಲಿ ಮೊತ್ತ ಸುಮಾರು 109ರವರೆಗೆ ನೆಗೆಯುತ್ತದೆ. ಪದ ಹೆಚ್ಚಿಸಿದರೆ ಆ ಗೂನು ಸಂಧಿಯ ಕಡೆಗೆ ಸರಿದು ಕಿರಿದಾಗುತ್ತದೆ, ಎತ್ತರ ಇಳಿಯದು. 1848ರಲ್ಲಿ ವಿಲ್‌ಬ್ರಹಾಮ್ ಕಂಡಿದ್ದ ಇದಕ್ಕೆ, 1899ರಲ್ಲಿ ಇದನ್ನು ವಿವರಿಸಿದ ಗಿಬ್ಸ್ ಹೆಸರೇ ನಿಂತಿದೆ. ಉಷ್ಣತೆ ಅಂಚಿನ ಅತಿ ಹೆಚ್ಚನ್ನೂ ಅತಿ ಕಡಿಮೆಯನ್ನೂ ಮೀರುವಂತಿಲ್ಲ. ಆದ್ದರಿಂದ ನಿಮ್ಮ ಲೆಕ್ಕ 100ಕ್ಕಿಂತ ಮೇಲೆ ಹೋದರೆ ಒಂದೋ ಗುಣಾಂಕ ತಪ್ಪಿದೆ, ಇಲ್ಲವೇ ಪದಗಳು ಸಾಲದಾಗಿವೆ.

u = 50 + (100/π) tan⁻¹ [ 2ar sin θ / (a² − r²) ]

ಅನಂತ ಶ್ರೇಣಿ ಇಲ್ಲಿ ಒಂದು ಸಾಲಿಗೆ ಮಡಚಿಕೊಂಡಿದೆ. z + z³/3 + z⁵/5 + … ಎಂಬುದು ½ log[(1+z)/(1−z)] ಎಂಬುದನ್ನು ಬಳಸಿ, ಅದರ ಊಹ್ಯ ಭಾಗವನ್ನು ತೆಗೆದರೆ ಇದು ಸಿಗುತ್ತದೆ. ನಮ್ಮ ಬಿಂದುವಿಗೆ ದೊಡ್ಡ ಆವರಣದ ಬೆಲೆ 4/3, ಅದರ ಕೋನ 53.13 ಡಿಗ್ರಿ. π ಬದಲು 180 ಇಟ್ಟು ಗುಣಿಸಿದರೆ 29.52, ಒಟ್ಟು 79.52. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದು π ಹಾಗೆಯೇ ಉಳಿದರೆ 1741 ಬರುತ್ತದೆ. ಕುದಿಯುವ ನೀರಿನಿಂದ ಕಾದ ಬಿಲ್ಲೆ ಅಷ್ಟು ಬಿಸಿಯಾಗದು ಎಂದು ಆ ಕ್ಷಣವೇ ಹೊಳೆಯಬೇಕು.

ಈ ಸಾಲಿನೊಳಗೆ ಪ್ರೌಢಶಾಲೆಯ ರೇಖಾಗಣಿತ ಅಡಗಿದೆ, ನನಗೆ ಇಡೀ ಲೆಕ್ಕದಲ್ಲಿ ಅತ್ಯಂತ ಪ್ರಿಯವಾದ ಜಾಗ ಇದು. ಬಿಸಿ ತಂಪು ಸೇರುವ ಎರಡು ಸಂಧಿಗಳು ಅಡ್ಡ ವ್ಯಾಸದ ಎರಡು ತುದಿಗಳು. ಮೇಲರ್ಧದ ಯಾವುದಾದರೂ ಬಿಂದುವಿನಿಂದ ಆ ಎರಡಕ್ಕೂ ಗೆರೆ ಎಳೆಯಿರಿ. ಗೆರೆಗಳ ನಡುವಿನ ಕೋನ φ ಡಿಗ್ರಿಯಾದರೆ

u = 150 − φ/1.8

ವ್ಯಾಸದ ಮೇಲೆ ನಿಂತರೆ φ = 180, ಉಷ್ಣತೆ 50. ಅಂಚಿನ ಮೇಲೆ ನಿಂತರೆ ಅರ್ಧವೃತ್ತದಲ್ಲಿನ ಕೋನ ಲಂಬಕೋನ, φ = 90, ಉಷ್ಣತೆ 100. ಒಂದೇ ವೃತ್ತಖಂಡದ ಕೋನಗಳು ಸಮ ಎಂಬ ಪ್ರಮೇಯವನ್ನು ನೆನಪಿಸಿಕೊಂಡರೆ ಸಮತಾಪ ರೇಖೆಗಳ ಆಕಾರವೂ ಗೊತ್ತಾಗುತ್ತದೆ: ಎಲ್ಲವೂ ಎರಡು ಸಂಧಿಗಳ ಮೂಲಕ ಹಾಯುವ ವೃತ್ತಗಳ ಕಂಸಗಳು. 75 ಡಿಗ್ರಿಯ ರೇಖೆ φ = 135 ಇರುವ ಕಂಸ. ಅದು ಕೇಂದ್ರದ ನೇರ ಮೇಲೆ 0.414a ಎತ್ತರದಲ್ಲಿ, ಅಂದರೆ ಸುಮಾರು 2.07 ಸೆಂ.ಮೀ.ಯಲ್ಲಿ ಹಾಯುತ್ತದೆ. ಕೆಳಗಿನರ್ಧಕ್ಕೆ ಕನ್ನಡಿ ಬಿಂಬದ ಬೆಲೆಯನ್ನು 100ರಿಂದ ಕಳೆಯಿರಿ.

ಎಲ್ಲ ಸಮತಾಪ ರೇಖೆಗಳೂ ಎರಡು ಸಂಧಿಗಳಲ್ಲಿ ಬಂದು ಸೇರುವುದರಿಂದ ಅಲ್ಲಿ ಒಂದು ತೊಡಕು ಇದೆ. ಅಡ್ಡ ವ್ಯಾಸದ ಮೇಲೆ, ಕೇಂದ್ರದಿಂದ x ದೂರದಲ್ಲಿ, ಮೇಲಿನಿಂದ ಕೆಳಕ್ಕೆ ಉಷ್ಣತೆಯ ಇಳಿಜಾರು

(200/π) · a/(a² − x²)

ಕೇಂದ್ರದಲ್ಲಿ ಇದು ಸೆಂಟಿಮೀಟರಿಗೆ 12.7 ಡಿಗ್ರಿ. ಅಂಚಿಗೆ ಒಂದು ಮಿಲಿಮೀಟರ್ ಒಳಗೆ ಬಂದರೆ 322. ತುದಿಯವರೆಗೂ ಕೂಡಿಸಿದರೆ ವ್ಯಾಸವನ್ನು ದಾಟುವ ಒಟ್ಟು ಶಾಖ ಅನಂತವಾಗುತ್ತದೆ. ಕುದಿವ ನೀರೂ ಮಂಜುಗಡ್ಡೆಯೂ ಒಂದೇ ಬಿಂದುವಿನಲ್ಲಿ ತಾಗುತ್ತವೆ ಎಂದು ನಾವು ಬರೆದುಕೊಂಡದ್ದರ ಫಲ ಇದು. ಪ್ರಯೋಗದಲ್ಲಿ ಸಂಧಿಯ ಬಳಿ ಶಾಖ ಹಾಯದ ವಸ್ತುವಿನ ಸಣ್ಣ ತೆರಪು ಬಿಡಬೇಕಾಗುತ್ತದೆ. 2 ಮಿ.ಮೀ. ತೆರಪಿನಲ್ಲಿ ಅಂಚಿನ ಉಷ್ಣತೆ 100ರಿಂದ 0ಗೆ ಒಂದೇ ಸಮನೆ ಇಳಿಯುತ್ತದೆ ಎಂದುಕೊಂಡರೆ ಶಾಖದ ಮೊತ್ತ ಮಿತಿಗೆ ಬರುತ್ತದೆ. ಬದಲಾವಣೆಯ ಹೆಚ್ಚಿನ ಪಾಲು ಒತ್ತಾದ ಅಲೆಗಳಿಗೆ ಸೇರಿದ್ದು, ಅವು ಒಳಗೆ ತಲುಪುವುದಿಲ್ಲ. ನಾವು ಲೆಕ್ಕ ಹಾಕಿದ ಬಿಂದುವಿನಲ್ಲಿ 79.52 ಎಂಬುದು ಡಿಗ್ರಿಯ ನೂರರಲ್ಲೊಂದು ಪಾಲೂ ಕದಲುವುದಿಲ್ಲ.